ಹುಟ್ಟುಹಬ್ಬದ ದಿನವೂ 57, ತಿಂಗಳ ಕೊನೆಗೆ ಮೈನಸ್ 2 ದಿನ: ವಯಸ್ಸು ಮತ್ತು ಸೇವಾವಧಿಯ ಲೆಕ್ಕದಲ್ಲಿ ತಪ್ಪುವ ಒಂದು ದಿನ

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕಾರ್ಮಿಕರ ನಿವೃತ್ತಿ (ನಮ್ಮಲ್ಲಿ 58) ಮತ್ತು ಗ್ರಾಚ್ಯುಟಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡುತ್ತೇನೆ. ವಯಸ್ಸಿಗೆ =INT((B2-A2)/365.25) ಹಾಕಿದ್ದೇನೆ. 10-03-1968ರಂದು ಹುಟ್ಟಿದವರಿಗೆ 10-03-2026ರಂದೂ 57 ಎಂದೇ ಬರುತ್ತದೆ. ಏಪ್ರಿಲ್ 1ಕ್ಕೆ ಸೇರಿ ಮಾರ್ಚ್ 31ಕ್ಕೆ ಕೆಲಸ ಬಿಟ್ಟವರಿಗೆ ಒಂದು ದಿನ ಕಡಿಮೆ ಬರುತ್ತದೆ. 31-08-1998ಕ್ಕೆ ಸೇರಿ 28-02-2025ಕ್ಕೆ ಬಿಟ್ಟವರೊಬ್ಬರಿಗೆ ಒಂದು ದಿನ ಸೇರಿಸಿ ನೋಡಿದರೆ "26 ವರ್ಷ 6 ತಿಂಗಳು -2 ದಿನ" ಎಂದು ಬಂತು. ಎಲ್ಲಿ ತಪ್ಪಾಗಿದೆ?

ಉತ್ತರ: ಈ ಮೂರೂ ಒಂದೇ ಬಗೆಯ ತಪ್ಪಿನಂತೆ ಕಂಡರೂ ಇವುಗಳ ಕಾರಣಗಳು ಬೇರೆ ಬೇರೆ. ಒಂದಕ್ಕೆ ಮಾಡಿದ ಪರಿಹಾರವನ್ನು ಇನ್ನೊಂದಕ್ಕೂ ಹಚ್ಚಲು ಹೋದಾಗಲೇ ಮೈನಸ್ ದಿನಗಳಂಥ ವಿಚಿತ್ರಗಳು ಹುಟ್ಟುತ್ತವೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲನೆಯದು ಭಾಗಾಕಾರದ ತೊಂದರೆ. ಯಾವ ವರ್ಷದಲ್ಲಿಯೂ 365.25 ದಿನಗಳಿಲ್ಲ, ಇರುವುದು 365 ಅಥವಾ 366. 365.25 ಎಂಬುದು ನಾಲ್ಕು ವರ್ಷಗಳ ಸರಾಸರಿ ಮಾತ್ರ. 10-03-1968ರಿಂದ 10-03-2026ರವರೆಗೆ ಬಂದ ಫೆಬ್ರವರಿ 29ಗಳನ್ನು ಎಣಿಸಿದರೆ 1972ರಿಂದ 2024ರವರೆಗೆ 14 ಸಿಗುತ್ತವೆ. 1968ರ ಫೆಬ್ರವರಿ 29 ಅವರು ಹುಟ್ಟುವ ಮೊದಲೇ ಕಳೆದುಹೋಗಿತ್ತು. ಹೀಗಾಗಿ ನಡುವಿನ ದಿನಗಳು 58ನ್ನು 365ರಿಂದ ಗುಣಿಸಿ 14 ಕೂಡಿಸಿದಷ್ಟು, ಅಂದರೆ 21,184. ಆದರೆ 58 ಬರಬೇಕಾದರೆ ನಿಮ್ಮ ಸೂತ್ರವು 58ರ 365.25 ಪಟ್ಟು, ಅಂದರೆ 21,184.5 ದಿನಗಳನ್ನು ಕೇಳುತ್ತದೆ. ಅರ್ಧ ದಿನ ಕೊರತೆಯಾದುದರಿಂದ ಉತ್ತರ 57.99ಕ್ಕಿಂತ ಸ್ವಲ್ಪ ಹೆಚ್ಚಾಗಿ ನಿಲ್ಲುತ್ತದೆ, INT ಅದರ ದಶಮಾಂಶವನ್ನು ಕತ್ತರಿಸಿ 57 ಎಂದು ತೋರಿಸುತ್ತದೆ. ಮಾರ್ಚ್ 11ರಂದು ನೋಡಿದರೆ ಅದೇ ಸೂತ್ರ ಸರಿಯಾಗಿ 58 ಎನ್ನುತ್ತದೆ. ಅದೇ 15-06-1967ರಂದು ಹುಟ್ಟಿದವರ ಲೆಕ್ಕದಲ್ಲಿ 1968ರ ಫೆಬ್ರವರಿ 29 ಕೂಡ ಸೇರುವುದರಿಂದ ಅಧಿಕ ದಿನಗಳು 15 ಆಗುತ್ತವೆ, ಒಟ್ಟು 21,185 ಆಗುತ್ತದೆ, ಮತ್ತು ಅವರ ಹುಟ್ಟುಹಬ್ಬದ ದಿನವೇ ಸರಿಯಾದ ಉತ್ತರ ಬರುತ್ತದೆ. ನಿಮ್ಮ ರಿಜಿಸ್ಟರಿನಲ್ಲಿ ಕೆಲವರಿಗೆ ಸರಿ, ಕೆಲವರಿಗೆ ತಪ್ಪು ಬರುವುದಕ್ಕೆ ಇದೇ ಕಾರಣ. 58ರ ಮಟ್ಟಿಗೆ ಸರಿಸುಮಾರು ಅರ್ಧದಷ್ಟು ಜನರಿಗೆ ತಪ್ಪು ಬರುತ್ತದೆ.

ಈ ದೋಷ ಇಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಏಕೆ ಉಳಿಯುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ವಯಸ್ಸು ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದಾದರೆ, ಉದಾಹರಣೆಗೆ 20, 40 ಅಥವಾ 60 ಆದರೆ, ಈಗ ಬದುಕಿರುವ ಪೀಳಿಗೆಗಳ ಮಟ್ಟಿಗೆ 365.25ರ ಸೂತ್ರ ತಪ್ಪುವುದೇ ಇಲ್ಲ. ಏಕೆಂದರೆ 60 ವರ್ಷಗಳಲ್ಲಿ ಸರಿಯಾಗಿ 15 ಅಧಿಕ ದಿನಗಳು ಬಂದು ಸರಾಸರಿಯೂ ವಾಸ್ತವವೂ ಒಂದೇ ಆಗುತ್ತವೆ. ಸೂತ್ರವನ್ನು ಬರೆದವರು 60ರ ನಿವೃತ್ತಿಗೆ ಪರೀಕ್ಷಿಸಿ ಸರಿಯಿದೆ ಎಂದುಕೊಂಡಿರುತ್ತಾರೆ. ಅದನ್ನೇ 58ಕ್ಕೋ 18ಕ್ಕೋ ಬಳಸಿದಾಗ ಅರ್ಧ ದಿನದ ಕೊರತೆ ಮೇಲೆ ಬರುತ್ತದೆ. 365.25ರ ಬದಲು 365 ಹಾಕುವುದು ಇನ್ನೂ ಕೆಟ್ಟ ಮಾರ್ಗ, ಏಕೆಂದರೆ ಹಾಗೆ ಮಾಡಿದರೆ ಈ ಕಾರ್ಮಿಕರಿಗೆ 24-02-2026ರಂದೇ, ಅಂದರೆ 14 ದಿನ ಮೊದಲೇ 58 ತುಂಬಿಬಿಡುತ್ತದೆ. YEARFRAC ಬಳಸಿರೆಂದು ಸಲಹೆ ಕೊಡುವವರೂ ಇದ್ದಾರೆ. ಆದರೆ ಅದು ನಾವು ಬೇರೇನೂ ಸೂಚಿಸದಿದ್ದರೆ ಪ್ರತಿ ತಿಂಗಳಿಗೂ 30 ದಿನ ಎಂದು ಹಿಡಿಯುತ್ತದೆ. ಅದರಿಂದ 31ನೇ ತಾರೀಖು ಹುಟ್ಟಿದವರಿಗೆ 30ನೇ ತಾರೀಖಿನಂದೇ ವರ್ಷ ತುಂಬುತ್ತದೆ. ಬಡ್ಡಿಯ ಲೆಕ್ಕಕ್ಕೆ ಹೊಂದುವ ವಿಧಾನ ಅದು, ವಯಸ್ಸಿಗಲ್ಲ.

ವಯಸ್ಸನ್ನು ದಿನಗಳಿಂದ ಭಾಗಿಸಿ ಪಡೆಯಬಾರದು. ಕಾಗದದ ಮೇಲೆ ನಾವು ಮಾಡುವಂತೆ ವರ್ಷದಿಂದ ವರ್ಷವನ್ನು ಕಳೆದು, ಈ ವರ್ಷದ ಹುಟ್ಟಿದ ತಾರೀಖು ಇನ್ನೂ ಬಂದಿಲ್ಲದಿದ್ದರೆ ಒಂದನ್ನು ಕಡಿಮೆ ಮಾಡಬೇಕು. ಎಕ್ಸೆಲ್‌ನಲ್ಲಿ ಇದನ್ನು ಮಾಡುವುದು DATEDIF. ಟೈಪ್ ಮಾಡಲು ತೊಡಗಿದಾಗ ಬರುವ ಸಲಹೆಗಳ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಆದರೆ ಪೂರ್ತಿ ಬರೆದರೆ ಕೆಲಸ ಮಾಡುತ್ತದೆ.

```
=DATEDIF(A2,B2,"Y")
```

A2ರಲ್ಲಿ ಹುಟ್ಟಿದ ದಿನಾಂಕ, B2ರಲ್ಲಿ ಯಾವ ದಿನಕ್ಕೆ ವಯಸ್ಸು ಬೇಕೋ ಆ ದಿನಾಂಕ ಇರಲಿ. ಫೆಬ್ರವರಿ 29ರಂದು ಹುಟ್ಟಿದವರಿಗೆ ಸಾಧಾರಣ ವರ್ಷದಲ್ಲಿ ಇದು ಮಾರ್ಚ್ 1ರಂದು ವರ್ಷವನ್ನು ಹೆಚ್ಚಿಸುತ್ತದೆ, ಆದರೆ EDATE ಎಂಬ ಇನ್ನೊಂದು ಸೂತ್ರ ಅವರ ವಾರ್ಷಿಕ ದಿನವನ್ನು ಫೆಬ್ರವರಿ 28 ಎಂದು ಕೊಡುತ್ತದೆ. ಒಂದೇ ತಂತ್ರಾಂಶದ ಎರಡು ಸೂತ್ರಗಳು ಹೀಗೆ ಭಿನ್ನವಾಗಿ ನಡೆದುಕೊಳ್ಳುತ್ತವೆ ಎಂಬುದನ್ನು ನೆನಪಿಡಿ, ನಿಮ್ಮ ಮೂರನೆಯ ತೊಂದರೆಯ ಬೇರು ಇದರಲ್ಲಿಯೇ ಇದೆ.

ಹುಟ್ಟುಹಬ್ಬದ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಎಕ್ಸೆಲ್ ಸರಿಯಾದ ಉತ್ತರ ಕೊಟ್ಟ ಮೇಲೂ ಕಾನೂನಿನ ಲೆಕ್ಕ ಒಂದು ದಿನ ಹಿಂದೆ ಇರಬಹುದು. ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನವೆಂದು ಎಣಿಸಬೇಕೆಂಬುದು ನಮ್ಮ ದೇಶದ ಒಪ್ಪಿತ ನಿಯಮ. ಹಾಗೆ ಎಣಿಸಿದರೆ 01-06-1968ರಂದು ಹುಟ್ಟಿದವರ ಮೊದಲ ವರ್ಷ 31-05-1969ರಂದು ಪೂರ್ತಿಯಾಗುತ್ತದೆ, 58ನೆಯ ವರ್ಷ 31-05-2026ರ ಮಧ್ಯರಾತ್ರಿಗೆ ತುಂಬುತ್ತದೆ. ಸುಪ್ರೀಂ ಕೋರ್ಟ್ 1986ರಲ್ಲಿ ರಾಜಸ್ಥಾನದ ಒಂದು ನೇಮಕಾತಿ ಪ್ರಕರಣದಲ್ಲಿ ಇದನ್ನೇ ಹೇಳಿತು. ಜನವರಿ 1ಕ್ಕೆ 28 ವರ್ಷ ತುಂಬಿರಬಾರದೆಂಬ ನಿಯಮವಿದ್ದಾಗ, ಜನವರಿ 2ರಂದು ಹುಟ್ಟಿದ ಅಭ್ಯರ್ಥಿಗೆ ಜನವರಿ 1ರಂದೇ 28 ತುಂಬಿತೆಂದು ತೀರ್ಪಾಯಿತು. ಇನ್ನೊಂದು ಕಡೆ 1875ರ ಭಾರತೀಯ ಪ್ರಾಪ್ತವಯಸ್ಕ ಕಾಯ್ದೆಯು ಹುಟ್ಟಿದ ದಿನವನ್ನು ಪೂರ್ತಿ ದಿನವೆಂದೇ ಎಣಿಸಿದರೂ, 18ನೆಯ ವಾರ್ಷಿಕ ದಿನ ಆರಂಭವಾಗುವಾಗ ವ್ಯಕ್ತಿ ಪ್ರಾಪ್ತವಯಸ್ಕನಾಗುತ್ತಾನೆ ಎನ್ನುತ್ತದೆ. ಮೇ 31 ಮುಗಿಯುವ ಗಳಿಗೆ ಮತ್ತು ಜೂನ್ 1 ಆರಂಭವಾಗುವ ಗಳಿಗೆ ಒಂದೇ, ಆದರೆ ಕಾಗದದ ಮೇಲೆ ಬರೆಯುವ ತಾರೀಖು ಎರಡು. ನಿಮ್ಮ ಎಸ್ಟೇಟಿನ ನಿಯಮಾವಳಿ ಇವೆರಡರಲ್ಲಿ ಯಾವುದನ್ನು ಹೇಳುತ್ತದೆ ಎಂದು ಮೊದಲು ಓದಿಕೊಳ್ಳಬೇಕು.

ಸರ್ಕಾರಿ ನೌಕರರ ವಿಷಯದಲ್ಲಿ ನಿಯಮವೇ ಇದನ್ನು ಬಿಡಿಸಿ ಹೇಳಿದೆ. ವಯಸ್ಸು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಹುಟ್ಟಿದ್ದು ತಿಂಗಳ 1ನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನ. ಬಹಳಷ್ಟು ಖಾಸಗಿ ಸಂಸ್ಥೆಗಳೂ ಇದನ್ನೇ ಅನುಸರಿಸುತ್ತವೆ. 1ನೇ ತಾರೀಖಿನ ಈ ವಿಷಯವನ್ನು ಅಪರೂಪದ್ದೆಂದು ಬದಿಗಿಡುವಂತಿಲ್ಲ. ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದು ಎಷ್ಟೋ ದಾಖಲೆಗಳಲ್ಲಿದೆ, ಆ ತಾರೀಖೇ ಮುಂದೆ ಆಧಾರ್, ಪಿ.ಎಫ್. ಎಲ್ಲದರಲ್ಲಿಯೂ ಮುಂದುವರಿದಿದೆ. ನಿಮ್ಮ ರಿಜಿಸ್ಟರನ್ನು ಹುಟ್ಟಿದ ತಾರೀಖಿನ ಪ್ರಕಾರ ಒಮ್ಮೆ ಜೋಡಿಸಿದರೆ ಇದು ನಿಮಗೇ ಕಾಣಬಹುದು. ಅಂಥವರೆಲ್ಲರಿಗೂ ಈ ಒಂದು ದಿನದ ವ್ಯತ್ಯಾಸ ಇಡೀ ಒಂದು ತಿಂಗಳ ಸಂಬಳದ ವ್ಯತ್ಯಾಸವಾಗುತ್ತದೆ, ಏಕೆಂದರೆ ಜೂನ್ 1ಕ್ಕೆ ತುಂಬಿತೆಂದರೆ ನಿವೃತ್ತಿ ಜೂನ್ 30ಕ್ಕೆ, ಮೇ 31ಕ್ಕೆ ತುಂಬಿತೆಂದರೆ ಅಂದಿಗೇ.

```
=EOMONTH(A2-1,696)
```

58 ವರ್ಷಕ್ಕೆ 696 ತಿಂಗಳು. A2ರಿಂದ ಒಂದು ದಿನ ಕಳೆದುದರಿಂದ ಜೂನ್ 1ರವರು ತಾವಾಗಿಯೇ ಮೇ ತಿಂಗಳಿಗೆ ಹೋಗುತ್ತಾರೆ, ಉಳಿದವರೆಲ್ಲ ತಮ್ಮ ತಮ್ಮ ತಿಂಗಳಿನಲ್ಲಿಯೇ ಉಳಿಯುತ್ತಾರೆ. ಫೆಬ್ರವರಿ 29ರವರ ಪ್ರಶ್ನೆಯೂ ಇಲ್ಲಿ ಏಳುವುದಿಲ್ಲ; ಅವರ ವಾರ್ಷಿಕ ದಿನವನ್ನು ಫೆಬ್ರವರಿ 28 ಎಂದರೂ ಮಾರ್ಚ್ 1 ಎಂದರೂ ನಿವೃತ್ತಿ ಫೆಬ್ರವರಿಯ ಕೊನೆಯ ದಿನವೇ ಬರುತ್ತದೆ. ನಿಮ್ಮ ನಿಯಮಾವಳಿಯಲ್ಲಿ ತಿಂಗಳ ಕೊನೆಯ ಮಾತೇ ಇಲ್ಲದೆ "58 ತುಂಬಿದ ದಿನ" ಎಂದಷ್ಟೇ ಇದ್ದರೆ ಈ ಸೂತ್ರ ಹೊಂದುವುದಿಲ್ಲ.

ಇನ್ನು ಸೇವಾವಧಿ. ವಯಸ್ಸಿನ ಲೆಕ್ಕದಲ್ಲಿ ನಾವು ಕೇಳುವುದು ಒಂದು ತಾರೀಖಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು. ಸೇವಾವಧಿಯಲ್ಲಿ ಕೇಳುವುದು ಎಷ್ಟು ದಿನ ಕೆಲಸ ಮಾಡಿದರು ಎಂದು, ಇದರಲ್ಲಿ ಸೇರಿದ ದಿನವೂ ಕೊನೆಯ ದಿನವೂ ಕೆಲಸದ ದಿನಗಳೇ. 1ರಿಂದ 31ರವರೆಗೆ ಕೆಲಸ ಮಾಡಿದವರಿಗೆ 31 ದಿನದ ಹಾಜರಿ ಇರುತ್ತದೆ, ಆದರೆ 31ರಿಂದ 1ನ್ನು ಕಳೆದರೆ 30 ಉಳಿಯುತ್ತದೆ. 01-04-2010ಕ್ಕೆ ಸೇರಿ 31-03-2020ರವರೆಗೆ ಕೆಲಸ ಮಾಡಿದವರಿಗೆ DATEDIF 9 ವರ್ಷ 11 ತಿಂಗಳು 30 ದಿನ ಎಂದು ಕೊಡುವುದು ಇದರಿಂದಲೇ. ಕೊನೆಯ ದಿನದ ಹಾಜರಿ ಅದರ ಲೆಕ್ಕಕ್ಕೆ ಬಂದಿಲ್ಲ. ಕೊನೆಯ ದಿನಕ್ಕೆ ಒಂದು ಸೇರಿಸಿ, ಅಂದರೆ ಕೆಲಸದಲ್ಲಿ ಇಲ್ಲದ ಮೊದಲ ದಿನದವರೆಗೆ ಲೆಕ್ಕ ಹಾಕಿದರೆ ಸರಿಯಾಗಿ 10 ವರ್ಷ ಬರುತ್ತದೆ. ಒಂದು ದಿನ ಸೇರಿಸಿದ್ದು ಸರಿಯಾದ ಹೆಜ್ಜೆಯೇ. ಸೇರಿದ ದಿನದಿಂದ ಒಂದು ಕಳೆದರೂ ಅದೇ ಫಲ ಸಿಗುವುದೆಂದು ಕೆಲವರು ಹಾಗೆ ಮಾಡುತ್ತಾರೆ, ಅದನ್ನು ಮಾಡಬೇಡಿ. 01-03-2025ಕ್ಕೆ ಸೇರಿದವರ ತಾರೀಖು ಆಗ ಫೆಬ್ರವರಿ 28 ಆಗುತ್ತದೆ, ಅಲ್ಲಿಂದ ಒಂದು ತಿಂಗಳು ಮುಂದೆ ಹೋದರೆ ಮಾರ್ಚ್ 28 ಬರುತ್ತದೆಯೇ ಹೊರತು ಮಾರ್ಚ್ 31 ಅಲ್ಲ. ನಿವೃತ್ತಿಯ ಸೂತ್ರದಲ್ಲಿ ಒಂದು ದಿನ ಕಳೆದದ್ದು ನಡೆದದ್ದು EOMONTH ಹೇಗಿದ್ದರೂ ತಿಂಗಳ ಕೊನೆಗೇ ಹೋಗುವುದರಿಂದ ಮಾತ್ರ.

ಈಗ ಮೈನಸ್ 2 ದಿನ. 31-08-1998ಕ್ಕೆ ಸೇರಿದವರು 28-02-2025ರವರೆಗೆ ಕೆಲಸ ಮಾಡಿದ್ದಾರೆ, ಒಂದು ಸೇರಿಸಿದಾಗ ಕೊನೆ 01-03-2025. ಇಲ್ಲಿ DATEDIF ಮೊದಲು ತಿಂಗಳುಗಳನ್ನು ಎಣಿಸುತ್ತದೆ. ಮಾರ್ಚ್ 31 ಇನ್ನೂ ಬಂದಿಲ್ಲವಾದ್ದರಿಂದ 26 ವರ್ಷದ ಮೇಲೆ 6 ತಿಂಗಳು ಎನ್ನುತ್ತದೆ, ಇದು ಸರಿ. ಆಮೇಲೆ "MD" ಎಂಬ ಭಾಗ ಉಳಿದ ದಿನಗಳನ್ನು ಹುಡುಕುವಾಗ ಕೊನೆಯ ತಾರೀಖಿನ 1ರಿಂದ 31ನ್ನು ಕಳೆದು, ಹಿಂದಿನ ತಿಂಗಳಾದ ಫೆಬ್ರವರಿಯ 28 ದಿನಗಳನ್ನು ಕೂಡಿಸುತ್ತದೆ. ಉಳಿಯುವುದು ಮೈನಸ್ 2. ಫೆಬ್ರವರಿಯಲ್ಲಿ 31ನೇ ತಾರೀಖು ಇಲ್ಲ ಎಂಬ ಸಂಗತಿಯನ್ನು ಆ ಭಾಗ ಗಮನಿಸುವುದೇ ಇಲ್ಲ. "MD"ಯಿಂದ ತಪ್ಪು ಉತ್ತರ, ಸೊನ್ನೆ ಅಥವಾ ಋಣ ಸಂಖ್ಯೆ ಬರಬಹುದೆಂದು ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದಲ್ಲಿಯೇ ಎಚ್ಚರಿಸಿದೆ. ಋಣ ಸಂಖ್ಯೆ ಬಂದರೆ ನಮಗೆ ತಪ್ಪು ಗೊತ್ತಾಗುತ್ತದೆ. ಸಹಜವಾಗಿ ಕಾಣುವ ತಪ್ಪು ಸಂಖ್ಯೆ ಬಂದರೆ ಗೊತ್ತಾಗುವುದಿಲ್ಲ. ಆದ್ದರಿಂದ "MD"ಯನ್ನು ಪೂರ್ತಿಯಾಗಿ ಬಿಟ್ಟು ಹೀಗೆ ಮಾಡಿ:

```
C2: =DATEDIF(A2,B2+1,"M")
D2: =B2+1-EDATE(A2,C2)
```

ಈ ಹಾಳೆಯಲ್ಲಿ A2 ಸೇರಿದ ದಿನ, B2 ಕೆಲಸ ಮಾಡಿದ ಕೊನೆಯ ದಿನ. C2 ಪೂರ್ತಿಯಾದ ತಿಂಗಳುಗಳನ್ನು ಕೊಡುತ್ತದೆ. D2 ಸೇರಿದ ದಿನದಿಂದ ಅಷ್ಟು ತಿಂಗಳು ನಿಜವಾಗಿ ಮುಂದೆ ಹೋಗಿ, ಅಲ್ಲಿಂದ ಉಳಿದ ದಿನಗಳನ್ನು ಎಣಿಸುತ್ತದೆ. EDATE ತಾನು ತಲುಪಿದ ತಿಂಗಳಿನಲ್ಲಿ ಆ ತಾರೀಖು ಇಲ್ಲದಿದ್ದರೆ ಆ ತಿಂಗಳ ಕೊನೆಯ ದಿನದಲ್ಲಿ ನಿಲ್ಲುತ್ತದೆ. ಆದ್ದರಿಂದ D2 ಎಂದೂ ಋಣವಾಗುವುದಿಲ್ಲ. ನಿಮ್ಮ ಕಾರ್ಮಿಕರಿಗೆ C2 318 ಆಗುತ್ತದೆ, ಅಂದರೆ 26 ವರ್ಷ 6 ತಿಂಗಳು. EDATE 28-02-2025ರಲ್ಲಿ ನಿಲ್ಲುತ್ತದೆ. D2 1 ಆಗುತ್ತದೆ.

ಆ ಒಂದು ದಿನದ ಮೇಲೆ ಹಣ ನಿಂತಿದೆ. ಗ್ರಾಚ್ಯುಟಿಯಲ್ಲಿ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಕೂಲಿ, ಮತ್ತು ಕೊನೆಯಲ್ಲಿ ಉಳಿದ ಅವಧಿ ಆರು ತಿಂಗಳನ್ನು ಮೀರಿದ್ದರೆ ಅದಕ್ಕೂ ಒಂದು ವರ್ಷದ ಲೆಕ್ಕ. ಸರಿಯಾಗಿ ಆರು ತಿಂಗಳಾಗಿದ್ದರೆ ಸಿಗುವುದಿಲ್ಲ; ಮೀರಿರಬೇಕು. ಲೆಕ್ಕದ ಸುಲಭಕ್ಕಾಗಿ ಕೊನೆಯ ತಿಂಗಳ ಸಂಬಳ 13,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 26 ದಿನವೆಂದು ಹಿಡಿದು ಭಾಗಿಸಿದರೆ ದಿನಕ್ಕೆ 500, ಹದಿನೈದು ದಿನಕ್ಕೆ 7,500. ಸೇವೆ 26 ವರ್ಷವೆಂದರೆ 1,95,000 ರೂಪಾಯಿ, 27 ಎಂದರೆ 2,02,500. ಒಂದು ದಿನವನ್ನು ಸೇರಿಸದೆ ಮಾಡಿದ ಹಳೆಯ ಲೆಕ್ಕ 26 ವರ್ಷ 5 ತಿಂಗಳು 28 ದಿನ ಎಂದಿರುತ್ತಿತ್ತು, ಆ ಕಾರ್ಮಿಕರಿಗೆ 7,500 ರೂಪಾಯಿ ಸದ್ದಿಲ್ಲದೆ ತಪ್ಪಿಹೋಗುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಬರಬಹುದು, ಅದನ್ನು ನೇರವಾಗಿ ಎದುರಿಸುವುದು ಒಳ್ಳೆಯದು. ಫೆಬ್ರವರಿ 31 ಇಲ್ಲದಿರುವಾಗ ಆರು ತಿಂಗಳಾದ ಮೇಲಿನ ಮೊದಲ ದಿನವನ್ನು ಫೆಬ್ರವರಿ 28 ಎನ್ನುವ ಬದಲು ಮಾರ್ಚ್ 1 ಎಂದರೇನು ತಪ್ಪು ಎಂದು ನಿಮ್ಮ ಆಡಿಟರ್ ಕೇಳಬಹುದು. ಹಾಗೆ ಹಿಡಿದರೆ ಇವರಿಗೆ ಸರಿಯಾಗಿ ಆರೇ ತಿಂಗಳಾಗುತ್ತದೆ, ಮೀರುವುದಿಲ್ಲ. ನನ್ನ ಉತ್ತರ ಹೀಗಿದೆ. ಮರುದಿನ, ಅಂದರೆ 01-09-1998ಕ್ಕೆ ಸೇರಿ ಇವರೊಂದಿಗೇ ಕೆಲಸ ಬಿಟ್ಟ ಇನ್ನೊಬ್ಬರನ್ನು ತೆಗೆದುಕೊಳ್ಳಿ. ಅವರ ಕೊನೆಯ ಅವಧಿ ಸೆಪ್ಟೆಂಬರ್ 1ರಿಂದ ಫೆಬ್ರವರಿ 28ರವರೆಗೆ ಪೂರ್ತಿ ಆರು ತಿಂಗಳು, ಒಂದು ದಿನ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು. ಅವರಿಗಿಂತ ಒಂದು ದಿನ ಮೊದಲು ಬಂದು ಕೆಲಸ ಮಾಡಿದವರಿಗೆ ಅವರಿಗಿಂತ ಒಂದು ದಿನ ಹೆಚ್ಚು ಸೇವೆ ಇರಲೇಬೇಕು. ಮಾರ್ಚ್ 1ರ ವಾದವನ್ನು ಒಪ್ಪಿದರೆ ಆಗಸ್ಟ್ 29, 30, 31 ಮತ್ತು ಸೆಪ್ಟೆಂಬರ್ 1ರಂದು ಸೇರಿದ ನಾಲ್ವರ ಸೇವೆಯೂ ಒಂದೇ ಎಂದಾಗುತ್ತದೆ, ಅದು ಹಾಜರಿ ಪುಸ್ತಕಕ್ಕೆ ವಿರುದ್ಧ. ಹಾಗಿದ್ದರೂ ಇದು ತಂತ್ರಾಂಶ ತೀರ್ಮಾನಿಸುವ ಮಾತಲ್ಲ. ನೀವು ಯಾವ ನಿಯಮ ಹಿಡಿದಿದ್ದೀರಿ ಎಂಬುದನ್ನು ಲೆಕ್ಕದ ಹಾಳೆಯ ಮೇಲೆಯೇ ಒಂದು ಸಾಲಿನಲ್ಲಿ ಬರೆದಿಡಿ, ಅಂಥ ಪ್ರಕರಣ ಕೈಗೆ ಬಂದಾಗ ಹಣ ಕೊಡುವ ಮೊದಲು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಆರು ತಿಂಗಳು ಮೀರಿತೇ ಎಂಬುದನ್ನು ತಿಂಗಳು, ದಿನಗಳನ್ನು ಬಿಡಿಸಿ ನೋಡದೆ ನೇರವಾಗಿ ತಾರೀಖುಗಳನ್ನೇ ಹೋಲಿಸಿ ನಿರ್ಧರಿಸುವುದು ಹೆಚ್ಚು ಭದ್ರ. ಇದರಲ್ಲಿ E2 ಪೂರ್ತಿಯಾದ ವರ್ಷಗಳು, F2 ಗ್ರಾಚ್ಯುಟಿಗೆ ಹಿಡಿಯುವ ವರ್ಷಗಳು:

```
E2: =DATEDIF(A2,B2+1,"Y")
F2: =E2+IF(B2+1>EDATE(A2,12*E2+6),1,0)
```

ಹಾಳೆಯನ್ನು ಬಳಕೆಗೆ ಬಿಡುವ ಮೊದಲು ತಪ್ಪು ಎಲ್ಲಿ ಬರಬಹುದೋ ಅಂಥ ತಾರೀಖುಗಳಿಂದಲೇ ಪರೀಕ್ಷಿಸಿ. ತಿಂಗಳ ನಡುವಿನ ತಾರೀಖುಗಳನ್ನಷ್ಟೇ ಕೊಟ್ಟರೆ ತಿಂಗಳ ಕೊನೆಯ ತಪ್ಪುಗಳು ಕಾಣುವುದಿಲ್ಲ. 31-08-1998ರಿಂದ 28-02-2025ಕ್ಕೆ F2 27 ಬರಬೇಕು, 01-09-1998ರಿಂದ ಅದೇ ಕೊನೆಯ ದಿನಕ್ಕೆ 26 ಬರಬೇಕು. 01-04-2010ರಿಂದ 31-03-2020ಕ್ಕೆ E2 10 ಬರಬೇಕು, 30-03-2020ಕ್ಕೆ 9 ಬರಬೇಕು. ವಯಸ್ಸಿನ ಸೂತ್ರಕ್ಕೆ 10-03-1968ನ್ನು ಕೊಟ್ಟು 2026ರ ಮಾರ್ಚ್ 9, 10 ಮತ್ತು 11ರಂದು ನೋಡಿದರೆ 57, 58, 58 ಬರಬೇಕು. ನಿವೃತ್ತಿಗೆ 01-06-1968 ಕೊಟ್ಟರೆ 31-05-2026, 02-06-1968 ಕೊಟ್ಟರೆ 30-06-2026 ಬರಬೇಕು.

ಈಗಾಗಲೇ ಹಣ ಕೊಟ್ಟು ಮುಗಿಸಿರುವ ಹಳೆಯ ಫೈಲುಗಳನ್ನೂ ಒಮ್ಮೆ ನೋಡುವುದು ನ್ಯಾಯ. ಎಲ್ಲವನ್ನೂ ಹೊಸದಾಗಿ ಕೈಯಿಂದ ಮಾಡಬೇಕಾಗಿಲ್ಲ. ಹಳೆಯ ಉತ್ತರದ ಪಕ್ಕದ ಕಾಲಂನಲ್ಲಿ F2 ಸೂತ್ರವನ್ನು ಎಳೆದು, ಎರಡೂ ಬೇರೆಯಾಗಿರುವ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ ತೆಗೆಯಿರಿ. ಅವುಗಳಲ್ಲಿ ಹೆಚ್ಚಿನವು ಕೆಲಸದ ಕೊನೆಯ ದಿನ ಸರಿಯಾಗಿ ಆರು ತಿಂಗಳ ಗಡಿಗೆ ಬಿದ್ದವರದ್ದಾಗಿರುತ್ತವೆ. ಅವರಲ್ಲಿ ಒಂದು ದಿನದ ಕೊರತೆಯಿಂದ ವರ್ಷವೇ ತಪ್ಪಿಹೋದವರಿಗೆ ಬಾಕಿ ಕೊಡಬೇಕಾಗುತ್ತದೆ.